ಪಿ ವ್ಯಾಲ್ಯೂ 0.09 ಬಂದ ಟ್ರಯಲ್: ಬೇಸಿಯನ್ ಲೆಕ್ಕವನ್ನು ಓದುವುದು ಹೇಗೆ?

ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆಯಾ, ಜಾಸ್ತಿಯಾ? ಟ್ರಯಲ್ ವರದಿ ಕೈಗೆ ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಬೇಸಿಯನ್ ವರದಿಯಲ್ಲಿ ಆ ಅಂಕಿಯೇ ಇರುವುದಿಲ್ಲ. ಅದರ ಬದಲು ಪ್ರಯರ್, ಪೋಸ್ಟೀರಿಯರ್, ಕ್ರೆಡಿಬಲ್ ಇಂಟರ್ವಲ್ ಎಂಬ ಮೂರು ಹೆಸರು ಕಾಣುತ್ತವೆ. ಎರಡೂ ರೀತಿಯಲ್ಲಿ ಲೆಕ್ಕ ಹಾಕಿದ ಒಂದೇ ಟ್ರಯಲ್ ಹಿಡಿದುಕೊಂಡರೆ ಇವು ಬೇಗ ಅರ್ಥವಾಗುತ್ತವೆ. ಅದಕ್ಕೆ 2018ರಲ್ಲಿ ಪ್ರಕಟವಾದ ‘ಇಯೋಲಿಯಾ’ ಟ್ರಯಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಶ್ವಾಸಕೋಶ ತೀರಾ ಕೆಟ್ಟು, ವೆಂಟಿಲೇಟರ್ ಕೂಡ ಸಾಲದಾದ ರೋಗಿಗಳಿಗೆ ಎಕ್ಮೊ ಯಂತ್ರ ಹಾಕುತ್ತಾರೆ. ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಸೇರಿಸಿ, ವಾಪಸ್ ದೇಹಕ್ಕೆ ಬಿಡುವ ಯಂತ್ರ ಅದು. ಇಯೋಲಿಯಾದಲ್ಲಿ 249 ರೋಗಿಗಳಿದ್ದರು. 60 ದಿನದೊಳಗೆ ಎಕ್ಮೊ ಗುಂಪಿನ 124 ಜನರಲ್ಲಿ 44 ಮಂದಿ ತೀರಿಕೊಂಡರು, ಅಂದರೆ ಶೇ 35. ಇನ್ನೊಂದು ಗುಂಪಿನ 125 ಜನರಲ್ಲಿ 57 ಮಂದಿ, ಶೇ 46. ಸಾವಿನ ಅಪಾಯದ ಅನುಪಾತ 0.76. ಕಾನ್ಫಿಡೆನ್ಸ್ ಇಂಟರ್ವಲ್ 0.55ರಿಂದ 1.04. ಪಿ ವ್ಯಾಲ್ಯೂ 0.09. ‘ಗಮನಾರ್ಹ ವ್ಯತ್ಯಾಸವಿಲ್ಲ’ ಎಂದು ವರದಿ ಮುಗಿಯಿತು. ನೂರಕ್ಕೆ ಹತ್ತು ಹನ್ನೊಂದು ಸಾವು ಕಡಿಮೆಯಾಗಿದ್ದರೂ ‘ಇಲ್ಲ’ ಅನ್ನುವುದು ಹೇಗೆ ಎಂದು ಐಸಿಯು ವೈದ್ಯರು ತಲೆ ಕೆರೆದುಕೊಂಡರು.

ಅದೇ ವರ್ಷ ಈವಾನ್ ಗೋಲಿಗರ್ ಮತ್ತು ಸಂಗಡಿಗರು ಇದೇ ಅಂಕಿಗಳನ್ನು ಬೇಸಿಯನ್ ರೀತಿಯಲ್ಲಿ ಮತ್ತೆ ಲೆಕ್ಕ ಹಾಕಿದರು. ಆ ಲೆಕ್ಕವನ್ನು ಹಂತ ಹಂತವಾಗಿ ಓದೋಣ.

ಮೊದಲು ಪ್ರಯರ್ ಹುಡುಕಿ

ಟ್ರಯಲ್ ಅಂಕಿ ನೋಡುವ ಮೊದಲು ಚಿಕಿತ್ಸೆಯ ಬಗ್ಗೆ ಏನು ನಂಬಿದ್ದೆವು ಎಂಬುದೇ ಪ್ರಯರ್. ವರದಿಯಲ್ಲಿ ಅದು ಒಂದು ಗ್ರಾಫ್ ಆಗಿಯೋ ಎರಡು ಅಂಕಿಯಾಗಿಯೋ ಇರುತ್ತದೆ. ಅದನ್ನು ರೋಗಿಗಳ ಲೆಕ್ಕಕ್ಕೆ ತಿರುಗಿಸಿಕೊಂಡರೆ ಓದುವುದು ಸುಲಭ. ಗೋಲಿಗರ್ ತಂಡ ಅದನ್ನು ಹಾಗೆಯೇ ಹೇಳಿತ್ತು. ಅವರ ಒಂದು ಪ್ರಯರ್‌ನ ತೂಕ ಒಬ್ಬನೇ ರೋಗಿಯಷ್ಟು. ಅಂದರೆ ‘ನಮಗೇನೂ ಗೊತ್ತಿಲ್ಲ’ ಎಂದಂತೆ. ಇನ್ನೊಂದು ಬಲವಾದ ಅನುಮಾನದ ಪ್ರಯರ್: ಎಕ್ಮೊದಿಂದ ಏನೂ ವ್ಯತ್ಯಾಸವಿಲ್ಲ ಎಂದು ತೋರಿಸಿದ 264 ರೋಗಿಗಳ ಟ್ರಯಲ್ ಒಂದು ಮೊದಲೇ ಆಗಿತ್ತು ಎಂದು ಊಹಿಸಿಕೊಂಡಂತೆ. ನಿಜವಾದ ಟ್ರಯಲ್‌ನಲ್ಲಿ ಇದ್ದದ್ದು 249 ಜನ. ಅನುಮಾನಕ್ಕೇ ತೂಕ ಜಾಸ್ತಿ!

ಪ್ರಯರ್‌ನ ತೂಕ ಗೊತ್ತಾದರೆ ಮುಂದಿನದನ್ನು ಕ್ಯಾಲ್ಕುಲೇಟರ್‌ನಲ್ಲೇ ಅಂದಾಜು ಮಾಡಬಹುದು. ಅನುಮಾನದ ಪ್ರಯರ್‌ನ ಅನುಪಾತ 1, ಟ್ರಯಲ್‌ನದು 0.76. ಎರಡನ್ನೂ ರೋಗಿಗಳ ತೂಕದಲ್ಲಿ ಬೆರೆಸಬೇಕು. ಅನುಪಾತಗಳಾದ್ದರಿಂದ ಬೆರೆಸುವುದು ಲಾಗ್‌ನಲ್ಲಿ. ಅದನ್ನೇ ಘಾತವಾಗಿ ಬರೆದರೆ ಹೀಗೆ:

```
249 / (249 + 264) = 0.485
0.76^0.485 = 0.88
```

ಹೀಗೆ 0.76 ಇದ್ದದ್ದು 0.88 ಆಯಿತು. ಅನುಮಾನ ಅದನ್ನು 1ರ ಕಡೆಗೆ ಅರ್ಧ ದಾರಿ ಎಳೆಯಿತು. ಬೆರೆಸಿದ ಮೇಲೆ ಸಿಕ್ಕ ಈ ಹೊಸ ನಂಬಿಕೆಗೇ ಪೋಸ್ಟೀರಿಯರ್ ಎಂದು ಹೆಸರು.

ಈಗ ಕ್ರೆಡಿಬಲ್ ಇಂಟರ್ವಲ್

ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಅನುಮಾನದ ಪ್ರಯರ್‌ಗೆ ಶೇ 95ರ ಕ್ರೆಡಿಬಲ್ ಇಂಟರ್ವಲ್ ಸುಮಾರು 0.70ರಿಂದ 1.09 ಬರುತ್ತದೆ. ‘ಈ ಪ್ರಯರ್ ಒಪ್ಪಿದರೆ, ನಿಜವಾದ ಅನುಪಾತ ಈ ಎರಡರ ನಡುವೆ ಇರುವ ಸಾಧ್ಯತೆ ಶೇ 95’ ಎಂದು ನೇರವಾಗಿ ಓದಬಹುದು. ಕಾನ್ಫಿಡೆನ್ಸ್ ಇಂಟರ್ವಲ್ ಅನ್ನೂ ನಾವೆಲ್ಲ ಹೀಗೇ ಓದುತ್ತೇವೆ, ಅಲ್ವಾ? ಆದರೆ ಅದು ತಪ್ಪು. ಅದು ಹೇಳುವುದು, ಇಂಥದೇ ಟ್ರಯಲ್ ನೂರಾರು ಸಲ ಮಾಡಿದರೆ ಹೀಗೆ ಎಳೆದ ಇಂಟರ್ವಲ್‌ಗಳಲ್ಲಿ ಶೇ 95ರಷ್ಟು ನಿಜವಾದ ಬೆಲೆಯನ್ನು ಒಳಗೊಂಡಿರುತ್ತವೆ ಎಂದು. ಮುಂದಿರುವ ಈ ಒಂದು ಇಂಟರ್ವಲ್ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಳೆಯ ಅಭ್ಯಾಸ ತೊಂದರೆ ಕೊಡುವುದು ಇಲ್ಲೇ. ಇಂಟರ್ವಲ್ 1 ಅನ್ನು ದಾಟಿತು, ಹಾಗಾದರೆ ಚಿಕಿತ್ಸೆ ಫೇಲ್ ಎಂದು ಬಿಡುತ್ತೇವೆ. ಬೇಸಿಯನ್ ಲೆಕ್ಕದಲ್ಲಿ 1 ಗೆರೆಯೂ ಅಲ್ಲ, ಗೋಡೆಯೂ ಅಲ್ಲ. 1ರ ಕೆಳಗೆ ಎಷ್ಟು ಪಾಲು ಇದೆ ಎಂದು ಕೇಳಬೇಕು. ಅಷ್ಟು ಬಲವಾದ ಅನುಮಾನದಲ್ಲೂ ಆ ಪಾಲು ಶೇ 88. ಏನೂ ಗೊತ್ತಿಲ್ಲ ಎಂಬ ಪ್ರಯರ್‌ನಲ್ಲಿ ಶೇ 96. ಎಕ್ಮೊದಿಂದ ಲಾಭ ಇದೆ ಎಂದು ಮೊದಲೇ ನಂಬಿದ, ತುಂಬ ಉತ್ಸಾಹದ ಪ್ರಯರ್‌ನಲ್ಲಿ ಶೇ 99.

ಆ 96 ನೋಡಿ ಮರುಳಾಗಬೇಡಿ. ಪಿ ವ್ಯಾಲ್ಯೂ 0.09ರ ಅರ್ಧ 0.045. ಅದನ್ನು 1ರಿಂದ ಕಳೆದರೆ 0.955. ಅಂದರೆ ಖಾಲಿ ಪ್ರಯರ್ ಇಟ್ಟಾಗ ಬೇಸಿಯನ್ ಲೆಕ್ಕ ಹೆಚ್ಚುಕಡಿಮೆ ಹಳೆಯ ಅಂಕಿಯನ್ನೇ ಬೇರೆ ಭಾಷೆಯಲ್ಲಿ ಹೇಳುತ್ತದೆ. ಹೊಸ ಸಾಕ್ಷ್ಯವೇನೂ ಬಂದಿರುವುದಿಲ್ಲ. ‘ಫೇಲ್ ಆದ ಟ್ರಯಲ್ ಅನ್ನು ಬೇಸಿಯನ್ ಪಾಸ್ ಮಾಡಿತು’ ಎನ್ನುವವರು ಇದನ್ನು ಗಮನಿಸಿರುವುದಿಲ್ಲ. ನನಗೆ ಇಲ್ಲಿ ಮುಖ್ಯ ಅನಿಸುವುದು 96 ಅಲ್ಲ, 88. ಒಪ್ಪದವನ ನಂಬಿಕೆಯನ್ನೇ ಒಳಗೆ ಹಾಕಿಕೊಂಡು ಬಂದ ಉತ್ತರ ಅದು.

‘ಲಾಭ’ ಅಂದರೆ ಎಷ್ಟು ಎಂದು ಕೇಳಿ

ಶೇ 88 ಎಂಬುದು ಯಾವುದೇ ಲಾಭದ ಸಾಧ್ಯತೆ. ಸಾವಿರಕ್ಕೆ ಒಂದು ಜೀವ ಉಳಿದರೂ ಅದರಲ್ಲಿ ಸೇರುತ್ತದೆ. ಎಕ್ಮೊ ದುಬಾರಿ, ರಕ್ತಸ್ರಾವದ ಅಪಾಯವೂ ಇದೆ. ಆದ್ದರಿಂದ ನಿಮ್ಮ ಮಟ್ಟವನ್ನು ನೀವೇ ಗೊತ್ತುಮಾಡಿಕೊಂಡು ಅದಕ್ಕೆ ಸಾಧ್ಯತೆ ಎಷ್ಟು ಎಂದು ಹುಡುಕಿ. ಎಕ್ಮೊ ಇಲ್ಲದ ಗುಂಪಿನ ಸಾವು ಶೇ 46 ಎಂದು ಹಿಡಿದು ನಾನು ಲೆಕ್ಕ ಹಾಕಿದೆ. ನೂರಕ್ಕೆ ಕನಿಷ್ಠ 2 ಸಾವು ತಪ್ಪುವ ಸಾಧ್ಯತೆ ಖಾಲಿ ಪ್ರಯರ್‌ನಲ್ಲಿ ಸುಮಾರು ಶೇ 92, ಅನುಮಾನದ ಪ್ರಯರ್‌ನಲ್ಲಿ ಶೇ 78ರ ಹತ್ತಿರ. ಎರಡೂ ಒಳ್ಳೆಯ ಅಂಕಿಗಳೇ. ಕನಿಷ್ಠ 10 ಸಾವು ತಪ್ಪಬೇಕು ಎಂದರೆ ಚಿತ್ರ ಒಡೆಯುತ್ತದೆ: ಒಂದರಲ್ಲಿ ಶೇ 57, ಇನ್ನೊಂದರಲ್ಲಿ ಶೇ 16. ‘ಸ್ವಲ್ಪವಾದರೂ ಲಾಭ ಇದೆ’ ಎನ್ನುವಲ್ಲಿ ಇಬ್ಬರೂ ಹತ್ತಿರ ಬರುತ್ತಾರೆ. ‘ದೊಡ್ಡ ಲಾಭ ಇದೆ’ ಎನ್ನುವಲ್ಲಿ ಉತ್ತರ ಕೊಡುತ್ತಿರುವುದು ಟ್ರಯಲ್‌ಗಿಂತ ಹೆಚ್ಚಾಗಿ ಪ್ರಯರ್. ಪ್ರಯರ್ ಬದಲಿಸಿದಾಗ ಉತ್ತರ ಹೀಗೆ ಜಿಗಿದರೆ, ಆ ಪ್ರಶ್ನೆಗೆ ಅಂಕಿಗಳು ಸಾಲುತ್ತಿಲ್ಲ ಎಂದೇ ಅರ್ಥ.

ಆದ್ದರಿಂದ ಒಂದೇ ಪ್ರಯರ್ ತೋರಿಸಿ ಸುಮ್ನೆ ಮುಗಿಸಿದ ವರದಿಯನ್ನು ಎಚ್ಚರದಿಂದ ಓದಿ. ಪ್ರಯರ್ ಆರಿಸಿದ್ದು ಫಲಿತಾಂಶ ಬರುವ ಮೊದಲೋ ಆಮೇಲೋ ಎಂದೂ ನೋಡಿ. ಇಯೋಲಿಯಾದ ಮರುಲೆಕ್ಕ ಆಮೇಲಿನದು. ಅನುಮಾನದಿಂದ ಉತ್ಸಾಹದವರೆಗೆ ಹಲವು ಪ್ರಯರ್ ಇಟ್ಟು ತೋರಿಸಿದ್ದರಿಂದಲೇ ಅದಕ್ಕೆ ಬೆಲೆ.

ಇನ್ನು ಯಾವ ಪ್ರಯರ್ ಇಟ್ಟರೂ ಸರಿಹೋಗದ ಒಂದು ತೊಡಕು ಇದೆ. ಎಕ್ಮೊ ಇಲ್ಲದ ಗುಂಪಿನ 125 ರೋಗಿಗಳಲ್ಲಿ 35 ಜನರಿಗೆ, ಸ್ಥಿತಿ ಕೈಮೀರಿದಾಗ, ಜೀವ ಉಳಿಸಲು ಕೊನೆಗೆ ಎಕ್ಮೊ ಹಾಕಬೇಕಾಯಿತು. ಲೆಕ್ಕದಲ್ಲಿ ಅವರು ಈಗಲೂ ‘ಎಕ್ಮೊ ಇಲ್ಲದ’ ಗುಂಪಿನಲ್ಲೇ ಇದ್ದಾರೆ. ಹಾಗಾಗಿ 0.76 ಎಂಬುದು ಎಕ್ಮೊ ಮತ್ತು ಎಕ್ಮೊ ಇಲ್ಲದಿರುವುದರ ಹೋಲಿಕೆಯಲ್ಲ. ಬೇಗ ಎಕ್ಮೊ ಹಾಕುವುದು ಮತ್ತು ಬೇಕಾದಾಗ ಮಾತ್ರ ಹಾಕುವುದರ ಹೋಲಿಕೆ. 88 ಆಗಲಿ 96 ಆಗಲಿ, ಉತ್ತರ ಕೊಡುತ್ತಿರುವುದು ಆ ಪ್ರಶ್ನೆಗೆ.