ಮನೆಯ ಸಂಪಿನಿಂದ ಘನಫಲದ ಲೆಕ್ಕ ಕಲಿಯುವುದು ಹೇಗೆ?

ಏಳು, ಎಂಟನೇ ತರಗತಿಯ ಮಕ್ಕಳಿಗೆ ಆಯತಘನದ ಸೂತ್ರ ಬಾಯಿಗೆ ಬಂದಿರುತ್ತದೆ. ಉದ್ದ, ಅಗಲ, ಎತ್ತರ ಗುಣಿಸಿದರೆ ಘನಫಲ. ಆದರೆ ಅದೇ ಲೆಕ್ಕ ನಾಲ್ಕು ಸಾಲಿನ ಕಥೆಯಾಗಿ ಬಂದರೆ ಪೆನ್ನು ನಿಲ್ಲುತ್ತದೆ. ಯಾವ ಸೂತ್ರ ಹಾಕಬೇಕು, ಯಾವ ಅಳತೆ ತೆಗೆದುಕೊಳ್ಳಬೇಕು ಅನ್ನುವುದು ತಿಳಿಯುವುದಿಲ್ಲ. ಇದಕ್ಕೆ ಒಂದೇ ವಸ್ತುವನ್ನು ಹಿಡಿದು ಅದರ ಸುತ್ತ ನಾಲ್ಕೈದು ಪ್ರಶ್ನೆ ಕೇಳುವುದು ಒಳ್ಳೆಯ ದಾರಿ. ನಾನು ಆರಿಸಿಕೊಳ್ಳುವುದು ನೆಲದೊಳಗಿನ ನೀರಿನ ತೊಟ್ಟಿ, ಅಂದರೆ ಸಂಪು.

ಲೆಕ್ಕ ಹೀಗಿದೆ. ಒಂದು ಮನೆಯವರು ಅಂಗಳದಲ್ಲಿ ಸಂಪು ಕಟ್ಟಿಸುತ್ತಾರೆ. ಅದರ ಒಳ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1.5 ಮೀಟರ್ ಆಳ. ನಾಲ್ಕೂ ಗೋಡೆ ಮತ್ತು ತಳದ ದಪ್ಪ 20 ಸೆಂಟಿಮೀಟರ್. ಸಂಪಿನ ಬಾಯಿ ನೆಲದ ಮಟ್ಟಕ್ಕೇ ಇದೆ, ಮೇಲಿನ ಮುಚ್ಚಳವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ಒಂದು ಲೀಟರಿನ ಡಬ್ಬಿ ಮಾಡಿ

ಲೆಕ್ಕಕ್ಕೆ ಕೈ ಹಾಕುವ ಮುಂಚೆ ರಟ್ಟಿನಿಂದ ಒಂದು ಡಬ್ಬಿ ಮಾಡಿಸಿ. ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್ ಇರಲಿ. ಒಳಗೆ ಪ್ಲಾಸ್ಟಿಕ್ ಕವರ್ ಹಾಸಿ, ಅರ್ಧ ಲೀಟರಿನ ಹಾಲಿನ ಪ್ಯಾಕೆಟ್‌ನಲ್ಲಿ ನೀರು ತುಂಬಿ ಎರಡು ಸಲ ಸುರಿಯಿರಿ. ಡಬ್ಬಿ ಹೆಚ್ಚುಕಮ್ಮಿ ಅಂಚಿನವರೆಗೆ ತುಂಬುತ್ತದೆ. 10 × 10 × 10 ಅಂದರೆ 1000 ಘನ ಸೆಂಟಿಮೀಟರ್. ಅದೇ ಒಂದು ಲೀಟರ್.

ಈಗ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ದೊಡ್ಡ ಪೆಟ್ಟಿಗೆ ಊಹಿಸಿಕೊಳ್ಳಲಿ. ಅದರ ತಳದಲ್ಲಿ ಒಂದು ಸಾಲಿಗೆ ಇಂಥ 10 ಡಬ್ಬಿ ಕೂರುತ್ತವೆ. ಅಂಥ 10 ಸಾಲು ಸೇರಿದರೆ 100. ಆ ಪದರದ ಮೇಲೆ ಇನ್ನೂ ಒಂಬತ್ತು ಪದರ ಪೇರಿಸಿದರೆ 1000. ಹಾಗಾಗಿ ಒಂದು ಘನ ಮೀಟರ್ ಅಂದರೆ 1000 ಲೀಟರ್. ಒಂದು ಮೀಟರಿಗೆ 100 ಸೆಂಟಿಮೀಟರ್ ಇರುವುದರಿಂದ ಒಂದು ಘನ ಮೀಟರಿಗೂ 100 ಘನ ಸೆಂಟಿಮೀಟರ್ ಎಂದು ಬರೆಯುವ ಮಕ್ಕಳು ತುಂಬಾ ಇದ್ದಾರೆ. ಡಬ್ಬಿ ಪೇರಿಸಿ ನೋಡಿದ ಮಗು ಆ ತಪ್ಪು ಮಾಡುವುದು ಕಡಿಮೆ.

ಎಷ್ಟು ನೀರು ಹಿಡಿಯುತ್ತದೆ?

ನೀರು ನಿಲ್ಲುವುದು ಒಳಗೆ. ಆದ್ದರಿಂದ ಒಳ ಅಳತೆಯೇ ಸಾಕು, ಗೋಡೆಯ ದಪ್ಪ ಈ ಪ್ರಶ್ನೆಗೆ ಬೇಡ. 3 × 2 × 1.5 = 9 ಘನ ಮೀಟರ್, ಅಂದರೆ 9000 ಲೀಟರ್. ಪ್ರಶ್ನೆಯಲ್ಲಿ ಕೊಟ್ಟ ಅಂಕಿಯನ್ನೆಲ್ಲ ಬಳಸಲೇಬೇಕು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಹಾಗೇನಿಲ್ಲ ಅಂತ ಇಲ್ಲೇ ಹೇಳಿಬಿಡಿ.

ಎಷ್ಟು ಮಣ್ಣು ಅಗೆಯಬೇಕು?

ಹೆಚ್ಚು ಮಕ್ಕಳು ಎಡವುವ ಜಾಗ ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಿ. ಗುಂಡಿಯಲ್ಲಿ ನೀರಿಗೆ ಮಾತ್ರವಲ್ಲ, ಗೋಡೆಗೂ ತಳಕ್ಕೂ ಜಾಗ ಬೇಕು. ಹಾಗಾಗಿ ಈಗ ಹೊರ ಅಳತೆ ಬೇಕು.

ಮಗುವಿನ ಕೈಯಲ್ಲಿ ಎರಡು ಚಿತ್ರ ಬರೆಸಿ. ಒಂದು ಮೇಲಿನಿಂದ ನೋಡಿದಂತೆ, ಇನ್ನೊಂದು ಪಕ್ಕದಿಂದ ಸೀಳಿ ನೋಡಿದಂತೆ. ಮೊದಲನೇ ಚಿತ್ರದಲ್ಲಿ ಉದ್ದದ ಎರಡೂ ತುದಿಯಲ್ಲಿ ಗೋಡೆ ಕಾಣುತ್ತದೆ. ಈ ಕಡೆ 20, ಆ ಕಡೆ 20, ಒಟ್ಟು 40 ಸೆಂಟಿಮೀಟರ್. ಅಗಲಕ್ಕೂ ಹಾಗೇ. ಎರಡನೇ ಚಿತ್ರದಲ್ಲಿ ತಳ ಮಾತ್ರ ಇದೆ, ಮೇಲೆ ಬಾಯಿ ತೆರೆದಿದೆ. ಆದ್ದರಿಂದ ಆಳಕ್ಕೆ ಸೇರುವುದು ಒಂದೇ ಸಲ 20 ಸೆಂಟಿಮೀಟರ್.

ಇನ್ನೊಂದು ಎಚ್ಚರ ಬೇಕು. ಒಳ ಅಳತೆ ಮೀಟರಿನಲ್ಲಿದೆ, ದಪ್ಪ ಸೆಂಟಿಮೀಟರಿನಲ್ಲಿದೆ. ಕೂಡುವ ಮುಂಚೆಯೇ 20 ಸೆಂಟಿಮೀಟರನ್ನು 0.2 ಮೀಟರ್ ಮಾಡಿಕೊಳ್ಳಬೇಕು. ಆಗ ಉದ್ದ 3.4, ಅಗಲ 2.4, ಆಳ 1.7 ಮೀಟರ್. ಗುಣಿಸಿದರೆ 13.872 ಘನ ಮೀಟರ್ ಮಣ್ಣು.

ಗೋಡೆಯನ್ನು ಒಂದೇ ಕಡೆ ಕೂಡಿದ ಮಗುವಿಗೆ 3.2 × 2.2 × 1.7, ಅಂದರೆ 11.968 ಬರುತ್ತದೆ. ಸುಮಾರು ಎರಡು ಘನ ಮೀಟರ್ ಮಣ್ಣು ಲೆಕ್ಕದಿಂದಲೇ ಹೋಯಿತು! ಉತ್ತರ ತಪ್ಪಾದಾಗ ಸುಮ್ನೆ ಗೀಟು ಹಾಕಬೇಡಿ. ‘ಎದುರಿನ ಗೋಡೆ ಎಲ್ಲಿ ಹೋಯ್ತು?’ ಎಂದು ಕೇಳಿ. ಚಿತ್ರ ನೋಡಿ ಮಗುವೇ ಸರಿಮಾಡಿಕೊಳ್ಳುತ್ತದೆ.

ಆ ಮಣ್ಣನ್ನು ಹಿತ್ತಲಿಗೆ ಹರಡಿದರೆ?

ಹಿತ್ತಲು 12 ಮೀಟರ್ ಉದ್ದ, 10 ಮೀಟರ್ ಅಗಲ. ಮಣ್ಣನ್ನು ಸಮವಾಗಿ ಹರಡಿದರೆ ನೆಲ ಎಷ್ಟು ಏರುತ್ತದೆ? ಮಣ್ಣಿನ ಆಕಾರ ಬದಲಾಯಿತು, ಘನಫಲ ಅದೇ ಇದೆ. ಹಿತ್ತಲಿನ ಮೇಲೆ ಈಗ ಬಹಳ ತೆಳುವಾದ ಇನ್ನೊಂದು ಆಯತಘನ ಮಲಗಿದೆ ಅಂದುಕೊಳ್ಳಿ. ಅದರ ತಳ 120 ಚದರ ಮೀಟರ್, ಎತ್ತರ ಗೊತ್ತಿಲ್ಲ. 13.872 ಅನ್ನು 120ರಿಂದ ಭಾಗಿಸಿದರೆ 0.1156 ಮೀಟರ್, ಅಂದರೆ ಸುಮಾರು 11.6 ಸೆಂಟಿಮೀಟರ್. 11 ಮೀಟರ್ ಎಂದೋ 1 ಮಿಲಿಮೀಟರ್ ಎಂದೋ ಉತ್ತರ ಬಂದರೆ ಎಲ್ಲೋ ಬಿಂದು ಜಾರಿದೆ ಎಂದರ್ಥ.

ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ಹಾಗಾಗಿ ನಿಜವಾದ ಹಿತ್ತಲಿನಲ್ಲಿ ಮೊದಮೊದಲು ಇದಕ್ಕಿಂತ ಜಾಸ್ತಿಯೇ ಏರುತ್ತದೆ. ಪುಸ್ತಕದ ಲೆಕ್ಕ ಇದನ್ನು ಬಿಟ್ಟುಬಿಡುತ್ತದೆ. ರೈತರ ಮನೆಯ ಮಕ್ಕಳು ಇದನ್ನು ತಾವಾಗಿಯೇ ಕೇಳುತ್ತಾರೆ, ಅದು ಸರಿಯಾದ ಪ್ರಶ್ನೆ. ಅದೇ ಮಕ್ಕಳು ಕೃಷಿ ಹೊಂಡದ ಬಗ್ಗೆಯೂ ಕೇಳಬಹುದು. ಸಾಮಾನ್ಯವಾಗಿ ಹೊಂಡದ ಬದಿ ಇಳಿಜಾರಾಗಿರುತ್ತದೆ, ತಳ ಚಿಕ್ಕದು, ಬಾಯಿ ದೊಡ್ಡದು. ಅಲ್ಲಿಗೆ ಈ ಸೂತ್ರ ನೇರವಾಗಿ ಹೊಂದುವುದಿಲ್ಲ.

ಪ್ಲಾಸ್ಟರಿಂಗ್ ಎಷ್ಟು?

ಮೇಸ್ತ್ರಿ ಒಳಮೈಗೆ ಸಿಮೆಂಟು ಬಳಿಯುತ್ತಾರೆ. ಈಗ ಕೇಳುತ್ತಿರುವುದು ಒಳಗಿನ ಜಾಗವನ್ನಲ್ಲ, ಮೈಯನ್ನು. ಉತ್ತರ ಚದರ ಮೀಟರಿನಲ್ಲಿ ಬರಬೇಕು. ನಾಲ್ಕು ಗೋಡೆ: 2 × (3 + 2) × 1.5 = 15. ತಳ: 3 × 2 = 6. ಒಟ್ಟು 21 ಚದರ ಮೀಟರ್. ಪೂರ್ಣ ಮೇಲ್ಮೈ ವಿಸ್ತೀರ್ಣದ ಸೂತ್ರ ಹಾಕಿದವರಿಗೆ 27 ಬರುತ್ತದೆ, ಇಲ್ಲದ ಮೇಲ್ಭಾಗಕ್ಕೂ ಸಿಮೆಂಟು ಬಳಿದಂತೆ.

ಕೋಲು ಹಾಕಿ ನೋಡಿ

ಈ ಸಂಪಿನ ತಳ 6 ಚದರ ಮೀಟರ್. ನೀರು ಒಂದು ಸೆಂಟಿಮೀಟರ್ ಏರಬೇಕಾದರೆ 6 × 0.01 = 0.06 ಘನ ಮೀಟರ್, ಅಂದರೆ 60 ಲೀಟರ್ ಬೇಕು. ಈ ಒಂದು ಅಂಕಿ ಗೊತ್ತಿದ್ದರೆ ಒಣ ಕೋಲು ಇಳಿಸಿ ಒದ್ದೆಯಾದಷ್ಟನ್ನು ಅಳೆದು, ಎಷ್ಟು ಲೀಟರ್ ನೀರಿದೆ ಎಂದು ಹೇಳಬಹುದು. 80 ಸೆಂಟಿಮೀಟರ್ ಒದ್ದೆಯಾಗಿದ್ದರೆ 4800 ಲೀಟರ್. ನಿಮ್ಮ ಮನೆಯ ಸಂಪಿಗೆ ಅಂಕಿ ಬೇರೆ ಇರುತ್ತದೆ, ಟೇಪು ಹಿಡಿದು ಮಗುವೇ ಕಂಡುಹಿಡಿಯಲಿ. ಸಂಪಿನ ಮುಚ್ಚಳ ತೆಗೆಯುವುದು ಮತ್ತು ಕೋಲು ಇಳಿಸುವುದು ಮಾತ್ರ ದೊಡ್ಡವರ ಕೆಲಸ. ಮಗು ಬಾಯಿಯಿಂದ ದೂರ ನಿಂತು ಅಂಕಿ ಬರೆದುಕೊಳ್ಳಲಿ.

ಇದೇ ಕೋಲಿನಿಂದ ಸಂಪು ತುಂಬುವ ವೇಗವನ್ನೂ ಲೆಕ್ಕ ಹಾಕಬಹುದು. ಬೋರಿನ ಮೋಟಾರು ಹಾಕಿ 15 ನಿಮಿಷದಲ್ಲಿ ಮಟ್ಟ 10 ಸೆಂಟಿಮೀಟರ್ ಏರಿತು ಅಂದುಕೊಳ್ಳಿ. ಬಂದ ನೀರು 600 ಲೀಟರ್. ಗಂಟೆಗೆ 2400 ಲೀಟರ್ ಆಯಿತು. ಹಾಗಾದರೆ ಖಾಲಿ ಸಂಪು ತುಂಬಲು ಎಷ್ಟು ಹೊತ್ತು ಬೇಕು? 9000 ಅನ್ನು 2400ರಿಂದ ಭಾಗಿಸಿದರೆ 3.75. ಇದನ್ನು 3 ಗಂಟೆ 75 ನಿಮಿಷ ಎಂದು ಬರೆಯುವ ಮಕ್ಕಳೂ ಇದ್ದಾರೆ, ನೋಡಿಕೊಳ್ಳಿ. 0.75 ಗಂಟೆ ಅಂದರೆ ಮುಕ್ಕಾಲು ಗಂಟೆ. ಉತ್ತರ 3 ಗಂಟೆ 45 ನಿಮಿಷ.