ಸ್ಮಾಗ್ ಚೆಕ್: ಎಂಜಿನ್ ದೀಪ ಆರಿದರಷ್ಟೇ ಸಾಲದು

ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಕಾರು ಇಟ್ಟುಕೊಂಡ ಕನ್ನಡಿಗರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ತಪ್ಪಿದ್ದಲ್ಲ. ಇದು ಹೊಗೆಗೆ ಸಂಬಂಧಿಸಿದ ಪರೀಕ್ಷೆ ಮಾತ್ರ. ಹಾಗಾಗಿ ಎಬಿಎಸ್, ಏರ್‌ಬ್ಯಾಗ್, ಟೈರ್ ಗಾಳಿಯ ದೀಪಗಳು ಉರಿಯುತ್ತಿದ್ದರೂ ಇಲ್ಲಿ ಫೇಲ್ ಮಾಡುವುದಿಲ್ಲ. ಸರ್ವಿಸ್ ಅವಧಿ ನೆನಪಿಸುವ ದೀಪಕ್ಕೂ ತೊಂದರೆಯಿಲ್ಲ. ಬ್ರೇಕ್, ಏರ್‌ಬ್ಯಾಗ್ ದೀಪಗಳನ್ನು ನಿಮ್ಮ ಜೀವದ ಸಲುವಾಗಿ ಬೇಗ ನೋಡಿಸಿ, ಅದು ಬೇರೆ ಮಾತು.

ಫೇಲ್ ಮಾಡುವುದು ಹಳದಿ ಬಣ್ಣದ ಚೆಕ್ ಎಂಜಿನ್ ದೀಪ. ಮನೆಯಲ್ಲೇ ಪರೀಕ್ಷಿಸಿ: ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಅದು ಉರಿಯಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲ ಹಂತದಲ್ಲಿ ಉರಿಯದಿದ್ದರೂ ಫೇಲ್. ದೀಪ ಕಾಣದಂತೆ ಬಲ್ಬ್ ತೆಗೆಸುವವರು ಸಿಕ್ಕಿಬೀಳುವುದು ಇಲ್ಲೇ.

ಹೆಚ್ಚಿನವರು ಎಡವುವುದು ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಅಳಿಸುವಾಗ. 2013ರ ಪೆಟ್ರೋಲ್ ಕಾರೊಂದನ್ನು ತೆಗೆದುಕೊಳ್ಳಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿ ಆವಿ ಸೋರಿದೆ, ದೀಪ ಹತ್ತಿದೆ, ಕೋಡ್ ಓದುವ ಸ್ಕ್ಯಾನರ್ ಈ ದೋಷದ ಕೋಡ್ P0457 ತೋರಿಸುತ್ತಿದೆ. ಮುಚ್ಚಳ ಬಿಗಿ ಮಾಡಿ, ಸ್ಕ್ಯಾನರ್‌ನಿಂದ ಕೋಡ್ ಅಳಿಸಿ ಮರುದಿನವೇ ಕೇಂದ್ರಕ್ಕೆ ಹೋದರೆ, ದೀಪ ಆರಿದ್ದರೂ ಕಾರು ಫೇಲ್ ಆಗಬಹುದು.

ಕಾರಣ ಎರಡು. ಕೋಡ್ ಅಳಿಸಿದಾಗ ಕಾರಿನ ಕಂಪ್ಯೂಟರ್ ತನ್ನ ಸ್ವಯಂ ತಪಾಸಣೆಗಳ ಫಲಿತಾಂಶವನ್ನೂ ಮರೆಯುತ್ತದೆ. ಇವಕ್ಕೆ ಮಾನಿಟರ್ ಎನ್ನುತ್ತಾರೆ. 2000 ಮತ್ತು ನಂತರದ ಪೆಟ್ರೋಲ್ ಕಾರುಗಳಲ್ಲಿ ಇಂಧನ ಆವಿಯ ಮಾನಿಟರ್ ಒಂದು ಮಾತ್ರ ಅಪೂರ್ಣವಿದ್ದರೆ ಒಪ್ಪುತ್ತಾರೆ. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮುಂತಾದ ಉಳಿದವು ಮುಗಿದಿರಲೇಬೇಕು. ಬ್ಯಾಟರಿ ಬಿಚ್ಚಿದರೂ ಸಾಮಾನ್ಯವಾಗಿ ಇದೇ ಪಾಡು.

ಎರಡನೆಯದು ಪರ್ಮನೆಂಟ್ ಕೋಡ್. ಸ್ಕ್ಯಾನರ್‌ನಿಂದಲೋ ಬ್ಯಾಟರಿ ಬಿಚ್ಚಿಯೋ ಇದನ್ನು ಅಳಿಸಲಾಗದು. ದೋಷ ಹೋಗಿದೆ ಎಂದು ಕಾರಿಗೇ ಖಾತ್ರಿಯಾದಾಗ ತಾನೇ ಅಳಿಯುತ್ತದೆ. 2019ರ ಜುಲೈನಿಂದ, 2010 ಮತ್ತು ನಂತರದ ಮಾಡೆಲ್‌ಗಳಲ್ಲಿ ಇದು ಉಳಿದಿದ್ದರೆ ಫೇಲ್. ಒಂದು ವಿನಾಯಿತಿ ಇದೆ: ಕೋಡ್ ಅಳಿಸಿದ ಮೇಲೆ ಎಂಜಿನ್ 15 ಬಾರಿ ತಣ್ಣಗಾಗಿ ಮತ್ತೆ ಬಿಸಿಯಾಗಿ, ಕಾರು 200 ಮೈಲಿ ಓಡಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡೂ ಆಗಿರಬೇಕು.

ಆದ್ದರಿಂದ ದುರಸ್ತಿಯಾದ ಮೇಲೆ ಒಂದೆರಡು ವಾರ ಮಾಮೂಲಾಗಿ ಓಡಿಸಿ. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಊರೊಳಗೆ, ಆಮೇಲೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗಿ. ಟ್ಯಾಂಕ್ ತುಂಬ ತುಂಬಿರುವುದೂ ಬೇಡ, ಖಾಲಿಯೂ ಬೇಡ. ಅರ್ಧದಷ್ಟಿದ್ದರೆ ಆವಿಯ ತಪಾಸಣೆ ಸಲೀಸು. ಹೊರಡುವ ಮುನ್ನ ಸ್ಕ್ಯಾನರ್‌ನಲ್ಲಿ ಮಾನಿಟರ್‌ಗಳ ಪಟ್ಟಿ ನೋಡಿ, ಆವಿಯದೊಂದನ್ನು ಬಿಟ್ಟು ಉಳಿದೆಲ್ಲ ಪೂರ್ಣವಾಗಿದ್ದರೆ, ಪರ್ಮನೆಂಟ್ ಕೋಡ್ ಇಲ್ಲದಿದ್ದರೆ ಕೇಂದ್ರಕ್ಕೆ ಹೊರಡಿ.