ಹೊಲಿಗೆ ಕ್ಲಾಸಿನಲ್ಲಿ ನನ್ನ ಕನ್ನಡವನ್ನು ಅಣಕಿಸಿದಾಗ

ತಿಪಟೂರಿನಲ್ಲಿ ನಾನು ಹೊಲಿಗೆ ಹೇಳಿಕೊಡುತ್ತೇನೆ. ಮನೆಯ ಮುಂದಿನ ಕೋಣೆಯಲ್ಲಿ ಆರು ಮಿಷನ್ನು, ಒಂದು ಕಟಿಂಗ್ ಟೇಬಲ್ಲು. ಮೂರು ತಿಂಗಳ ಕೋರ್ಸು, ಒಂದು ಬ್ಯಾಚಿಗೆ ಹತ್ತು ಹನ್ನೆರಡು ಜನ. ನನ್ನ ಪಾಠದ ಮಾತು ಹೀಗಿರುತ್ತದೆ: "ಫ್ರಂಟ್ ಪೀಸಿಗೆ ಡಾರ್ಟ್ ಮಾರ್ಕ್ ಮಾಡ್ಕೊಳ್ಳಿ. ಆಮೇಲೆ ಲೈನಿಂಗ್ ಜೊತೆ ಸೇರಿಸಿ ಹೊಲೀರಿ. ಸೈಡಲ್ಲಿ ಒಂದು ಇಂಚು ಮಾರ್ಜಿನ್ ಬಿಡೋದು ಮರೀಬೇಡಿ." ನಾನು ಕಲಿತದ್ದೂ ಇದೇ ಮಾತಿನಲ್ಲಿ. ನನಗೆ ಕಲಿಸಿದ ಅಕ್ಕ ಏಳನೇ ಕ್ಲಾಸಿನವರೆಗೆ ಓದಿದ್ದವರು. ಅವರೂ ಹೀಗೇ ಹೇಳುತ್ತಿದ್ದರು.

ಒಂದು ಬ್ಯಾಚ್ ಮುಗಿದ ದಿನ ಚಿಕ್ಕ ಕಾರ್ಯಕ್ರಮ ಇಟ್ಟುಕೊಂಡಿದ್ದೆ. ಹುಡುಗಿಯರು ತಾವು ಹೊಲಿದ ರವಿಕೆಗಳನ್ನು ಹಿಡಿದು, ಹೇಗೆ ಹೊಲಿದೆವು ಅಂತ ಎರಡು ಮಾತು ಹೇಳಬೇಕಿತ್ತು. ಅತಿಥಿಯಾಗಿ ನಮ್ಮ ಬೀದಿಯವರೇ ಆದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರನ್ನು ಕರೆದಿದ್ದೆ. ಮೂರನೆಯವಳು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಮೊದಲೇ ಮಾತು ಕಡಿಮೆ. "ಫ್ರಂಟಲ್ಲಿ ಎರಡು ಡಾರ್ಟ್ ಹಾಕಿದೀನಿ, ನೆಕ್ಕಿಗೆ ಪೈಪಿಂಗ್ ಕೊಟ್ಟಿದೀನಿ" ಅಂದಳು. ಮೇಷ್ಟ್ರು ಅದನ್ನೇ ರಾಗ ಎಳೆದು ಹೇಳಿದರು. "ಏನಮ್ಮಾ ಇದು, ಕನ್ನಡವೋ ಚಿತ್ರಾನ್ನವೋ? ನಿಮ್ಮ ಟೀಚರಮ್ಮನೂ ಹಾಗೇ ಮಾತಾಡೋದು, ದಿನಾ ಕಿಟಕಿಯಿಂದ ಕೇಳಿಸುತ್ತೆ." ಕೂತವರೆಲ್ಲ ನಕ್ಕರು. ಹುಡುಗಿ ರವಿಕೆಯನ್ನು ಮಡಚಿ ಕೈಯಲ್ಲಿ ಮುದುರಿಕೊಂಡಳು. ಮಾತು ಅಲ್ಲಿಗೇ ನಿಂತಿತು.

ಆಗ ನನಗೆ ನೆನಪಾಗಿದ್ದು ಅದಕ್ಕೂ ಕೆಲವು ವರ್ಷದ ಹಿಂದಿನ ಒಂದು ಗೃಹಪ್ರವೇಶ. ಅಲ್ಲಿ ನಮ್ಮ ಯಜಮಾನರ ಚಿಕ್ಕಪ್ಪ ಇದೇ ರೀತಿ ನನ್ನನ್ನು ಆಡಿಕೊಂಡಿದ್ದರು. ನಾನು ಬಿಸಿಯಾಗಿ, "ಮಾವ, ಬೆಳಿಗ್ಗೆಯಿಂದ ನೀವು ಎಷ್ಟು ಇಂಗ್ಲಿಷ್ ಪದ ಹೇಳಿದ್ರಿ, ಎಣಿಸ್ಲಾ?" ಅಂದೆ. ಎಣಿಸಿಯೂ ಬಿಟ್ಟೆ: ಟೈಮು, ಪಾರ್ಕಿಂಗು, ಕೇಟರಿಂಗು, ಬಿಪಿ ಮಾತ್ರೆ. ಈ ಸಲ ಜನ ಅವರ ಮೇಲೆ ನಕ್ಕರು. ಅವರು ಊಟಕ್ಕೆ ಕೂರಲಿಲ್ಲ. ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ನಾನು ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಲ್ಲ. ಆದರೆ ಅವರು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದ್ದೆ. ಎದುರಿನವರ ಇಂಗ್ಲಿಷ್ ಪದಗಳನ್ನು ಎಣಿಸುವುದನ್ನು ಅವತ್ತಿನಿಂದ ಬಿಟ್ಟೆ.

ಹಾಗಂತ ಜೊತೆಗೆ ನಕ್ಕು ಸುಮ್ಮನಾಗುವುದೂ ನನಗೆ ಸರಿ ಕಾಣಲಿಲ್ಲ. ನಾನೊಬ್ಬಳೇ ಇದ್ದಿದ್ದರೆ ಬೇರೆ ಮಾತು. ಇಲ್ಲಿ ಹನ್ನೊಂದು ಜನ ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕರೆ, ನಮ್ಮ ಮಾತು ನಗುವಂಥದ್ದೇ ಅಂತ ಅವರಿಗೆ ಒಪ್ಪಿಸಿದ ಹಾಗೆ.

ಮೊದಲು ನಗು ಪೂರ್ತಿ ನಿಲ್ಲುವವರೆಗೂ ಕಾದೆ. ಆಮೇಲೆ ಕೂತಲ್ಲಿಂದಲೇ, ದಿನಾ ಮಾತಾಡಿಸುವ ದನಿಯಲ್ಲೇ ಕೇಳಿದೆ: "ಮೇಷ್ಟ್ರೇ, ಅವಳು ಹೇಳಿದ್ದರಲ್ಲಿ ಯಾವ ಪದ ಬೇರೆ ಥರ ಹೇಳಬಹುದಿತ್ತು? ನೀವು ಹೇಳಿದ್ರೆ ನಮಗೂ ಒಳ್ಳೇದು."

ನಾನು ಇದನ್ನು ಕೊಂಕಾಗಿ ಕೇಳಲಿಲ್ಲ. ಕೊಂಕಾಗಿ ಕೇಳಿದ್ದರೆ ಜಗಳವೇ ಆಗುತ್ತಿತ್ತು. ನನಗೆ ನಿಜವಾಗಿಯೂ ಉತ್ತರ ಬೇಕಿತ್ತು. ಇಡೀ ಮಾತು ಚಿತ್ರಾನ್ನ ಅಂದರೆ ಯಾರೂ ಏನೂ ಹೇಳಲಾಗದು. ಒಂದೊಂದೇ ಪದ ಕೈಗೆತ್ತಿಕೊಂಡರೆ ಅದು ಪಾಠ ಆಗುತ್ತದೆ. ಮೇಷ್ಟ್ರಿಗೆ ಪಾಠ ಮಾಡುವುದು ಇಷ್ಟ. ತಕ್ಷಣ ನೇರ ಕೂತರು.

"ಫ್ರಂಟು ಯಾಕೆ? ಮುಂಭಾಗ ಅನ್ನಬಹುದು. ನೆಕ್ಕು ಯಾಕೆ? ಕತ್ತು ಇಲ್ವಾ?" ಅಂದರು. ನಾನು ಒಪ್ಪಿದೆ. ಅಲ್ಲೇ ಎಲ್ಲರ ಮುಂದೆ ಒಪ್ಪಿದೆ. "ಹೌದು ಮೇಷ್ಟ್ರೇ, ಇವು ನಮಗೆ ಅಭ್ಯಾಸ ಆಗಿಬಿಟ್ಟಿವೆ. ನಾನು ಅಳತೆಗೂ ಮೆಷರ್ಮೆಂಟ್ ಅಂತೀನಿ, ಗುಂಡಿಗೂ ಬಟನ್ ಅಂತೀನಿ. ಅದಕ್ಕೆ ಕಾರಣ ಏನೂ ಇಲ್ಲ." ನಿಜ ಇದ್ದಷ್ಟನ್ನು ಮೊದಲು ಒಪ್ಪಿಕೊಂಡಿದ್ದರಿಂದಲೇ ಮುಂದಿನ ಮಾತನ್ನು ಅವರು ಕೇಳಿದರು ಅಂತ ನನ್ನ ನಂಬಿಕೆ.

"ಡಾರ್ಟಿಗೆ ಮಡಿಕೆ ಅನ್ನಿ" ಅಂದರು.

ನಾನು ಹುಡುಗಿಯ ಕೈಯಿಂದ ರವಿಕೆ ಇಸಕೊಂಡು, ಒಳಮಗ್ಗುಲು ತಿರುಗಿಸಿ ಅವರ ಕೈಗೆ ಕೊಟ್ಟೆ. ಡಾರ್ಟ್ ಬರೀ ಮಡಿಕೆ ಅಲ್ಲ. ಬಟ್ಟೆಯನ್ನು ತ್ರಿಕೋನದಂತೆ ಹಿಡಿದು, ಅಗಲದ ಕಡೆಯಿಂದ ಹೊಲಿಯುತ್ತಾ ಹೋಗಿ, ತುದಿಯಲ್ಲಿ ಏನೂ ಉಳಿಯದಂತೆ ಸಣ್ಣಗೆ ಮಾಡುತ್ತೇವೆ. ಎದೆಯ ಉಬ್ಬಿನ ನಡುಬಿಂದುವಿಗೆ ಸುಮಾರು ಒಂದು ಇಂಚು ಮೊದಲೇ ಅದು ಮುಗಿಯಬೇಕು. ತುದಿಯಲ್ಲಿ ಹಿಂದೆ ಮುಂದೆ ಹೊಲಿಗೆ ಓಡಿಸಬಾರದು, ದಾರ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಬೇಕು. ಇಲ್ಲದಿದ್ದರೆ ತೊಟ್ಟಾಗ ಅಲ್ಲಿ ಚೂಪಾಗಿ ಎದ್ದು ಕಾಣುತ್ತದೆ. ಮಡಿಕೆ ಅಂದರೆ ನಮಗೆ ಅಂಚು ಮಡಚುವುದೂ ಆಗುತ್ತದೆ. ನಿರಿಗೆ ಅಂದರೆ ಸೀರೆಯದ್ದು, ಲಂಗದ್ದು. ಹಿಂದೊಂದು ಬ್ಯಾಚಿನಲ್ಲಿ ನಾನೇ ಕನ್ನಡದಲ್ಲಿ ಹೇಳೋಣ ಅಂತ "ಇಲ್ಲಿ ಮಡಿಕೆ ಹಾಕು" ಅಂದಿದ್ದೆ. ಆ ಹುಡುಗಿ ಕೆಳಗಿನ ಅಂಚನ್ನು ಎರಡು ಸಲ ಮಡಚಿ ಹೊಲಿದಿದ್ದಳು. ಗಿರಾಕಿಯ ಬಟ್ಟೆ. ಬಿಚ್ಚಿದರೂ ಸೂಜಿಯ ತೂತು ಹಾಗೇ ಉಳಿಯಿತು. ಇಷ್ಟನ್ನೂ ಮೇಷ್ಟ್ರಿಗೆ ಹೇಳಿದೆ. ಅವರು ಡಾರ್ಟಿನ ಮೇಲೆ ಬೆರಳಾಡಿಸುತ್ತಾ ಕೇಳಿದರು.

ಆಮೇಲೆ ಒಂದು ಪ್ರಶ್ನೆ ಕೇಳಿದೆ. "ಫ್ರಂಟಲ್ಲಿ, ನೆಕ್ಕಿಗೆ ಅಂದಳಲ್ಲ ಮೇಷ್ಟ್ರೇ. ಆ 'ಅಲ್ಲಿ', 'ಇಗೆ' ಯಾವ ಭಾಷೆಯವು?" ವ್ಯಾಕರಣ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರೇ ವಿವರಿಸಿದರು. ಹೆಸರು ಹೊರಗಿನದ್ದು, ವಿಭಕ್ತಿ ಕನ್ನಡದ್ದು. ಕ್ರಿಯಾಪದ ಕನ್ನಡದ್ದು, ಅದು ಬಂದು ಕೂತಿರುವುದೂ ಕನ್ನಡದ ಜಾಗದಲ್ಲೇ, ವಾಕ್ಯದ ಕೊನೆಗೆ. ಬಸ್ ಬಸ್ಸು ಆದ ಹಾಗೆ, ಪೆನ್ ಪೆನ್ನು ಆದ ಹಾಗೆ ನೆಕ್ ನೆಕ್ಕು ಆಗಿದೆ ಅಂತಲೂ ಅಂದರು. ಹೇಳುತ್ತಾ ಹೇಳುತ್ತಾ ದನಿಯಲ್ಲಿದ್ದ ಅಣಕ ಹೋಯಿತು.

ಇಷ್ಟಾದ ಮೇಲೆ ನನಗೆ ಹೇಳಬೇಕಿದ್ದ ಒಂದು ಮಾತು ಉಳಿದಿತ್ತು. ಅದನ್ನು ಬಿಟ್ಟಿದ್ದರೆ ನಾನು ಆ ಹುಡುಗಿಯ ಪರ ನಿಂತಂತೆ ಆಗುತ್ತಿರಲಿಲ್ಲ. "ಮೇಷ್ಟ್ರೇ, ನಮ್ಮ ಪದ ತಪ್ಪಿದ್ರೆ ಹೇಳಿ, ತಿದ್ದಿಕೊಳ್ತೀವಿ. ಆದ್ರೆ ರಾಗ ಎಳೆದು ಅಣಕಿಸಬೇಡಿ. ಇವಳು ಮೂರು ತಿಂಗಳಲ್ಲಿ ಇವತ್ತೇ ಮೊದಲ ಸಲ ಜನರ ಮುಂದೆ ಬಾಯಿ ಬಿಟ್ಟಿದ್ದು." ನನ್ನ ದನಿ ಸ್ವಲ್ಪ ನಡುಗಿತು. ಆದರೂ ಏರಿಸಲಿಲ್ಲ. ಅವರನ್ನು ಹೀಗೆ ಹಾಗೆ ಅನ್ನಲಿಲ್ಲ, ಅವರು ಮಾಡಿದ್ದನ್ನು ಮಾತ್ರ ಹೇಳಿದೆ. ಹೇಳಿ ಮುಗಿದ ಮೇಲೆ ಇನ್ನೊಂದು ಮಾತು ಸೇರಿಸಲಿಲ್ಲ. "ಈಗ ನೀನು ಮುಗಿಸಮ್ಮ" ಅಂತ ಹುಡುಗಿಗೆ ರವಿಕೆ ವಾಪಸ್ ಕೊಟ್ಟೆ. ಮೇಷ್ಟ್ರು ಕ್ಷಮೆ ಕೇಳಲಿ ಅಂತ ನಾನು ಕಾಯಲಿಲ್ಲ. ಎಲ್ಲರ ಎದುರು ಅದನ್ನು ಕೇಳಿಸಿದ್ದರೆ ಮತ್ತೆ ಗೃಹಪ್ರವೇಶದ ಕಥೆಯೇ ಆಗುತ್ತಿತ್ತು.

ಟೀ ಕುಡಿಯುವಾಗ ಅವರು ನಯಸೇನನ ವಿಷಯ ತೆಗೆದರು. ಮುಳುಗುಂದದ ಕವಿ, 1112ರ ಹೊತ್ತಿಗೆ ಬರೆದವನು. ಕನ್ನಡದಲ್ಲಿ ಸಂಸ್ಕೃತ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂತ ಅವನು ಬೇಜಾರು ಮಾಡಿಕೊಂಡಿದ್ದನಂತೆ. "ನನಗೂ ಅದೇ ಸಂಕಟಮ್ಮ. ನನ್ನ ಮೊಮ್ಮಗನಿಗೆ ಕನ್ನಡದಲ್ಲಿ ಇಪ್ಪತ್ತರ ಮೇಲೆ ಎಣಿಸೋಕೆ ಬರಲ್ಲ" ಅಂದರು. ಅವರಿಗೆ ನೋವಾಗಿದ್ದು ಎಲ್ಲಿ, ಅದನ್ನು ತೋರಿಸಿದ್ದು ಎಲ್ಲಿ ಅಂತ ನನಗೆ ಆಗ ಗೊತ್ತಾಯಿತು. ಆ ಸಂಕಟ ನನಗೂ ಇದೆ, ಹಾಗೇ ಹೇಳಿದೆ. ಆಮೇಲೆ ಹೊಲಿಗೆಯ ಪದಗಳು ಎಲ್ಲೆಲ್ಲಿಂದ ಬಂದವು ಅನ್ನುವ ಕಡೆ ಮಾತು ಹೊರಳಿತು. ದರ್ಜಿ ಅನ್ನುವ ಪದ ಪಾರಸಿಯದ್ದು. ಲೈನಿಂಗಿಗೆ ಹುಬ್ಬಳ್ಳಿ ಕಡೆಯವರು ಹೇಳುವ ಅಸ್ತರೂ ಪಾರಸಿಯದ್ದೇ. ಗುಂಡಿ ಹಾಕುವ ಕಾಜಾ ಪೋರ್ಚುಗೀಸಿನಿಂದ ಬಂದದ್ದು ಅಂತ ಅವರೇ ಹೇಳಿಕೊಟ್ಟರು. ಕಾರ್ಯಕ್ರಮದ ಮಧ್ಯೆ ಇವೆಲ್ಲ ವಾದದಂತೆ ಕೇಳಿಸುತ್ತಿದ್ದವು. ಟೀ ಹೊತ್ತಿಗೆ ಬರೀ ಮಾತುಕತೆ ಆದವು.

ಇದು ಎಲ್ಲರ ಹತ್ತಿರವೂ ನಡೆಯುವುದಿಲ್ಲ. ಮೇಷ್ಟ್ರಿಗೆ ಕನ್ನಡದ ಮೇಲೆ ಪ್ರೀತಿ ಇತ್ತು, ಅದಕ್ಕೇ ನಡೆಯಿತು. ನಮ್ಮ ಇಂಗ್ಲಿಷ್ ಸರಿಯಿಲ್ಲ ಅಂತ ಇನ್ನೊಂದು ಕಡೆಯಿಂದ ನಗುವವರೂ ಇದ್ದಾರೆ. ಒಬ್ಬ ಗಿರಾಕಿ ನಮ್ಮ ಹುಡುಗಿ "ಬ್ಲೌಜು" ಅಂದಿದ್ದಕ್ಕೆ ಪಕ್ಕದವರ ಕಡೆ ತಿರುಗಿ ನಕ್ಕರು. ಅವರ ಹತ್ತಿರ ಪದದ ಚರ್ಚೆ ಎಲ್ಲಿಂದ ಶುರು ಮಾಡೋದು? "ಅವಳು ಹೇಳಿದ್ದು ಅರ್ಥ ಆಯ್ತಲ್ವಾ ಮೇಡಂ? ತೋಳಿನ ಅಳತೆ ಎಷ್ಟಿಡಲಿ?" ಅಂತ ಕೇಳಿ ಟೇಪು ಕೈಗೆ ತೆಗೆದುಕೊಂಡೆ. ಅಷ್ಟೇ. ನೋಯಿಸಬೇಕು ಅಂತಲೇ ಬಂದವರಿಗೆ ಅದಕ್ಕಿಂತ ಜಾಸ್ತಿ ಮಾತು ಕೊಡುವುದಿಲ್ಲ.

ಮೇಷ್ಟ್ರು ಮುಂದಿನ ವಾರ ಒಂದು ಗೆರೆ ನೋಟ್‌ಬುಕ್ ಹಿಡಿದು ಬಂದರು. ಒಂದು ಪುಟದಲ್ಲಿ ನಮ್ಮ ಪದಗಳು, ಎದುರಿನ ಪುಟದಲ್ಲಿ ಅವರು ಯೋಚಿಸಿದ ಪದಗಳು. ಅಳತೆ, ಗುಂಡಿ, ಭುಜ, ಬೆನ್ನು, ಅಂಚು ಇವು ಕ್ಲಾಸಿನಲ್ಲಿ ನಿಂತವು, ಈಗ ನನ್ನ ಬಾಯಲ್ಲೂ ಅವೇ ಬರುತ್ತವೆ. ಪೈಪಿಂಗಿಗೆ, ಓವರ್‌ಲಾಕಿಗೆ ಅವರು ಬರೆದದ್ದು ಯಾರಿಗೂ ಹತ್ತಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಡಾರ್ಟಿನ ಎದುರು ಜಾಗ ಖಾಲಿ ಬಿಟ್ಟಿದ್ದರು.

ಅವತ್ತು ಬಾಯಿ ಮುಚ್ಚಿಕೊಂಡಿದ್ದ ಹುಡುಗಿ ಈಗ ನನ್ನ ಹತ್ತಿರವೇ ಕೆಲಸಕ್ಕಿದ್ದಾಳೆ. ಹೊಸಬರಿಗೆ ಡಾರ್ಟ್ ಹೊಲಿಯುವುದು ತೋರಿಸುತ್ತಾ, "ತುದಿ ಗುಬ್ಬಿ ಕೊಕ್ಕಿನ ಥರ ಬರಬೇಕು ಕಣ್ರೇ, ಡಾರ್ಟಿನ ಕೊಕ್ಕು ಮೊಂಡಾದ್ರೆ ಬ್ಲೌಸು ಕೂರಲ್ಲ" ಅಂದಳು. ಕಿಟಕಿಯ ಆಚೆ ಮೇಷ್ಟ್ರು ನಿಂತಿದ್ದರು. ಒಳಗೆ ಬಂದು, "ಏನಂದೆ, ಇನ್ನೊಂದು ಸಲ ಹೇಳಮ್ಮ" ಅಂತ ಕೇಳಿ, ನೋಟ್‌ಬುಕ್ ತೆರೆದು ಆ ಖಾಲಿ ಜಾಗದಲ್ಲಿ ಬರೆದುಕೊಂಡರು: ಡಾರ್ಟಿನ ಕೊಕ್ಕು.